ಮುದ್ದೆ ನೆನಪಿರುತ್ತದೆ, ಒಗ್ಗರಣೆ ಎಣ್ಣೆ ನೆನಪಿರಲ್ಲ

"ಅಕ್ಕಾ, ನಿನ್ನೆ ಸಂಜೆ ಕಾಫಿ ಜೊತೆ ಏನಾದ್ರೂ ತಗೊಂಡ್ರಾ?"

"ಇಲ್ಲಮ್ಮಾ, ಬರೀ ಕಾಫಿ."

ಒಳಗಿನಿಂದ ಮಗಳ ದನಿ: "ಅಮ್ಮಾ, ಕೋಡುಬಳೆ ತಿಂದ್ಯಲ್ಲ!"

"ಅಯ್ಯೋ, ಎರಡೇ ಎರಡು ಕಣೇ. ಅದೂ ಬರೀಬೇಕಾ?"

ಆಹಾರ ಸಮೀಕ್ಷೆಗೆ ಮನೆಮನೆ ಸುತ್ತಿದವರಿಗೆ ಈ ಮಾತು ಹೊಸದಲ್ಲ. ಸುಳ್ಳು ಹೇಳಬೇಕು ಅಂತ ಯಾರೂ ಕೂತಿರಲ್ಲ. ತಟ್ಟೆಗೆ ಬಡಿಸಿಕೊಂಡು ಕೂತು ತಿಂದದ್ದು ಊಟ, ನಿಂತುಕೊಂಡು ಬಾಯಿಗೆ ಹಾಕಿಕೊಂಡದ್ದು ಲೆಕ್ಕಕ್ಕಿಲ್ಲ. ಮಗಳು ಮನೆಯಲ್ಲಿದ್ದರೆ ಕೋಡುಬಳೆ ಫಾರಂಗೆ ಸೇರುತ್ತದೆ, ಕಾಲೇಜಿಗೆ ಹೋಗಿದ್ದರೆ ಇಲ್ಲ.

ಇಂಥ ಫಾರಂಗಳು ಸಾವಿರಗಟ್ಟಲೆ ಕಂಪ್ಯೂಟರಿಗೆ ಸೇರುತ್ತವೆ. ಅವುಗಳಿಂದ "ಈ ಜಿಲ್ಲೆಯ ಹೆಂಗಸರು ದಿನಕ್ಕೆ ಇಷ್ಟೇ ಕ್ಯಾಲರಿ ತಿನ್ನುತ್ತಾರೆ" ಎಂಬ ವಾಕ್ಯ ಹುಟ್ಟುತ್ತದೆ. ಆಮೇಲೆ ಅದು ಪೇಪರಿನ ತಲೆಬರಹ ಆಗುತ್ತದೆ. ನಡುವೆ ಆಗಬೇಕಾದ ಎರಡು ಕೆಲಸಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಯಾರು ತಿಂದದ್ದಕ್ಕಿಂತ ಕಡಿಮೆ ಹೇಳಿದ್ದಾರೆ ಎಂದು ಹುಡುಕುವುದು ಒಂದು. ಪ್ರೋಟೀನ್, ಕೊಬ್ಬು, ಉಪ್ಪು ಇಂಥವನ್ನು ಒಟ್ಟು ಕ್ಯಾಲರಿಗೆ ಹೊಂದಿಸಿ ನೋಡುವುದು ಇನ್ನೊಂದು. ಎರಡನೆಯದು ಮಾಡಿದರೆ ಮೊದಲನೆಯದರ ತಲೆನೋವು ತಾನಾಗೇ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಹೋಗುವುದಿಲ್ಲ. ಯಾಕೆ ಎಂಬುದೇ ಈ ಲೇಖನ.

ಲೆಕ್ಕಕ್ಕೆ ಒಬ್ಬರು ಬೇಕು. ಸರೋಜಮ್ಮ ಅಂತ ಕರೆಯೋಣ. ತುಮಕೂರು ಸೀಮೆಯವರು, ವಯಸ್ಸು 42, ತೂಕ 62 ಕಿಲೋ. ಮೂರು ನಾಲ್ಕು ಫಾರಂಗಳನ್ನು ಸೇರಿಸಿ ನಾನು ಕಟ್ಟಿದ ವ್ಯಕ್ತಿ ಇವರು, ಅಂಕಿಗಳನ್ನೂ ಉದಾಹರಣೆಗಾಗಿ ಇಟ್ಟುಕೊಂಡಿದ್ದೇನೆ. ಹಿಂದಿನ ದಿನ ತಿಂದದ್ದನ್ನೆಲ್ಲ ಕೇಳಿ ಬರೆಯುವ 24 ಗಂಟೆ ರೀಕಾಲ್‌ನಲ್ಲಿ ಇವರ ಮೊದಲ ದಿನದ ಲೆಕ್ಕ 1140 ಕ್ಯಾಲರಿ. ಹತ್ತು ದಿನ ಬಿಟ್ಟು ಮತ್ತೆ ಕೇಳಿದಾಗ 1210. (ಇಲ್ಲಿ ಕ್ಯಾಲರಿ ಅಂದದ್ದೆಲ್ಲ ಕಿಲೋಕ್ಯಾಲರಿಯೇ. ಬಾಯಿಮಾತಿನಲ್ಲಿ ಯಾರೂ ಕಿಲೋ ಸೇರಿಸಲ್ಲ ಅಲ್ವಾ?)

ಈ 1140 ಕಡಿಮೆಯಾ, ಸರಿಯಾ? ಅಂಕಿಯನ್ನೇ ದಿಟ್ಟಿಸಿದರೆ ಗೊತ್ತಾಗಲ್ಲ. ಹೋಲಿಸಲು ಒಂದು ನೆಲೆ ಬೇಕು. ಆ ನೆಲೆ ಮೈಯೇ. ಏನೂ ಕೆಲಸ ಮಾಡದೆ ಸುಮ್ನೆ ಮಲಗಿದ್ದರೂ ಹೃದಯ, ಮಿದುಳು, ಲಿವರ್ ನಡೆಯಲು ಒಂದಿಷ್ಟು ಶಕ್ತಿ ಖರ್ಚಾಗುತ್ತದೆ. ಇದಕ್ಕೆ ಬಿಎಮ್‌ಆರ್ ಎನ್ನುತ್ತಾರೆ. ಎದ್ದು ಓಡಾಡಿ, ಅಡುಗೆ ಮಾಡಿ, ನೀರು ಹೊತ್ತರೆ ಖರ್ಚು ಇದರ ಒಂದೂವರೆ ಪಟ್ಟಿನ ಆಸುಪಾಸಿಗೆ ಬರುತ್ತದೆ. ದಿನದ ಒಟ್ಟು ಖರ್ಚು ಬಿಎಮ್‌ಆರ್‌ನ ಎಷ್ಟು ಪಟ್ಟು ಎಂಬ ಸಂಖ್ಯೆಯೇ ಪಿಎಎಲ್. ತೂಕ ಏರದೆ ಇಳಿಯದೆ ನಿಂತಿದೆ ಅಂದರೆ ತಿನ್ನುವುದೂ ಖರ್ಚೂ ಹೆಚ್ಚುಕಮ್ಮಿ ಸಮ. ಹಾಗಾಗಿ ಹೇಳಿದ ಕ್ಯಾಲರಿಯನ್ನು ಬಿಎಮ್‌ಆರ್‌ನಿಂದ ಭಾಗಿಸಿದರೆ ಬರುವ ಉತ್ತರವೂ ಒಂದೂವರೆಯ ಹತ್ತಿರ ಇರಬೇಕು. ತೀರಾ ಕೆಳಗಿದ್ದರೆ ಎಲ್ಲೋ ಏನೋ ಬಿಟ್ಟುಹೋಗಿದೆ.

"ತೀರಾ ಕೆಳಗೆ" ಅಂದರೆ ಎಷ್ಟು ಕೆಳಗೆ? 1991ರಲ್ಲಿ ಗೇಲ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಇದಕ್ಕೊಂದು ಸೂತ್ರ ಕೊಟ್ಟರು. ಸಂಗಡಿಗರಲ್ಲಿ ಒಬ್ಬರಾದ ಆಲಿಸನ್ ಬ್ಲ್ಯಾಕ್ 2000ದಲ್ಲಿ ಅದನ್ನು ತಿದ್ದಿ, ಜನ ಅದನ್ನು ಎಲ್ಲೆಲ್ಲಿ ತಪ್ಪಾಗಿ ಬಳಸುತ್ತಿದ್ದಾರೆ ಎಂದು ವಿವರಿಸಿದರು. ಒಬ್ಬ ವ್ಯಕ್ತಿಗೆ ಕೆಳಗಿನ ಗಡಿ ಹೀಗೆ:

```
S      = sqrt(23^2/d + 8.5^2 + 15^2)
cutoff = PAL * exp(-2 * S / 100)
```

ನೋಡಿದಷ್ಟು ಕಷ್ಟದ್ದಲ್ಲ. ಇಲ್ಲಿ ಮೂರು ಅನಿಶ್ಚಿತತೆಗಳನ್ನು ಕೂಡಿಸಲಾಗಿದೆ. ಒಬ್ಬರೇ ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ ತಿನ್ನುತ್ತಾರೆ. ಆ ಏರಿಳಿತ ಸುಮಾರು 23%. ಎಷ್ಟು ದಿನದ ಊಟ ಕೇಳಿದ್ದೇವೆ ಎಂಬುದೇ `d`. ದಿನ ಜಾಸ್ತಿಯಾದಷ್ಟೂ ಈ ಏರಿಳಿತದ ಪ್ರಭಾವ ತಗ್ಗುತ್ತದೆ. ಎರಡನೆಯದು ಬಿಎಮ್‌ಆರ್. ಅದನ್ನು ಅಳೆಯದೆ ತೂಕದಿಂದ ಅಂದಾಜು ಮಾಡುವುದರಿಂದ 8.5%. ಕೊನೆಯದು ಓಡಾಟ. ಅದು ಆಳಿನಿಂದ ಆಳಿಗೆ ಬೇರೆಯಾದ್ದರಿಂದ 15%. ಸೂತ್ರದ 2 ಎಂದರೆ ಎರಡು ಎಸ್‌ಡಿ, ಅಂದರೆ ಸುಮಾರು 95% ಮಂದಿ ಸಹಜವಾಗಿ ಬೀಳುವ ವ್ಯಾಪ್ತಿ. ಪಿಎಎಲ್ ಜಾಗದಲ್ಲಿ ವಾಡಿಕೆಯಂತೆ 1.55 ಹಾಕುತ್ತಾರೆ.

ಒಂದೇ ದಿನ ಕೇಳಿದ್ದರೆ ಗಡಿ 0.87 ಬರುತ್ತದೆ. ಎರಡು ದಿನವಾದರೆ 0.965. ಏಳು ದಿನವಾದರೆ 1.05. ದಿನ ಹೆಚ್ಚಿದಂತೆ ಗಡಿ ಮೇಲೇರುವುದನ್ನು ಗಮನಿಸಿ. ಒಂದು ದಿನ ಜ್ವರ ಬಂದು ಗಂಜಿ ಕುಡಿದಿರಬಹುದು, ಕ್ಷಮಿಸೋಣ. ಏಳು ದಿನವೂ ಗಂಜಿ ಅಂದರೆ ನಂಬುವುದು ಕಷ್ಟ.

ಮೇಲೂ ಒಂದು ಗಡಿ ಇದೆ, ಒಂದು ದಿನಕ್ಕೆ 2.75. ಮುದ್ದೆ ಮೂರು ಅನ್ನುವ ಕಡೆ ಬೆರಳು ತಪ್ಪಿ ಮೂವತ್ತು ಒತ್ತಿದ ಎಂಟ್ರಿಗಳು ಅಲ್ಲಿ ಸಿಕ್ಕಿಬೀಳುತ್ತವೆ.

ಈಗ ಸರೋಜಮ್ಮ. 30ರಿಂದ 60 ವರ್ಷದ ಹೆಂಗಸರ ಬಿಎಮ್‌ಆರ್‌ಗೆ ಎಲ್ಲೆಡೆ ಬಳಸುವ ಸ್ಕೋಫೀಲ್ಡ್ ಸಮೀಕರಣ ಹೀಗಿದೆ: `8.126 * weight + 845.6`. 62 ಕಿಲೋಗೆ 1349 ಕ್ಯಾಲರಿ. ಮೊದಲ ದಿನದ 1140ನ್ನು ಇದರಿಂದ ಭಾಗಿಸಿದರೆ 0.845. ಗಡಿ 0.87. ಅಲ್ಲಿಗೆ ಸರೋಜಮ್ಮ ಕಡಿಮೆ ಹೇಳಿದವರ ಪಟ್ಟಿಗೆ ಸೇರಿದರು.

ಸ್ವಲ್ಪ ತಡೆಯಿರಿ. ಸ್ಕೋಫೀಲ್ಡ್ ಸಮೀಕರಣ ಕಟ್ಟಿದ ದತ್ತಾಂಶದಲ್ಲಿ ಯುರೋಪಿನವರದೇ ದೊಡ್ಡ ಪಾಲು. ಭಾರತೀಯರ ಬಿಎಮ್‌ಆರ್ ಅದು ಹೇಳುವುದಕ್ಕಿಂತ ಕಡಿಮೆ ಇರುತ್ತದೆ ಎಂದು ತೋರಿಸಿದ ಮುಖ್ಯ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್‌ನಲ್ಲಿ. ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್, ಅನುರಾ ಕುರ್ಪಾಡ್ ಅವರ ಹೆಸರು ಈ ವಿಷಯ ಓದುವವರಿಗೆಲ್ಲ ಗೊತ್ತು. 2010ರ ಐಸಿಎಂಆರ್ ಶಿಫಾರಸುಗಳಲ್ಲೂ ಅಂತರರಾಷ್ಟ್ರೀಯ ಸಮೀಕರಣದ ಉತ್ತರವನ್ನು 5% ಇಳಿಸಿಯೇ ಲೆಕ್ಕ ಹಾಕಿದ್ದಾರೆ.

5% ಇಳಿಸಿದರೆ ಸರೋಜಮ್ಮನ ಬಿಎಮ್‌ಆರ್ 1282. ಅನುಪಾತ 0.889. ಗಡಿ ದಾಟಿಬಿಟ್ಟರು! ಹೇಳಿದ ಊಟದಲ್ಲಿ ಒಂದು ತುತ್ತೂ ಬದಲಾಗಿಲ್ಲ. ಬದಲಾದದ್ದು ನಾವು ಭಾಗಿಸಿದ ಸಂಖ್ಯೆ.

ಎರಡನೇ ದಿನವನ್ನೂ ಸೇರಿಸಿ ನೋಡೋಣ. ಸರಾಸರಿ 1175. ಸ್ಕೋಫೀಲ್ಡ್ ಪ್ರಕಾರ ಅನುಪಾತ 0.871, 5% ಇಳಿಸಿದರೆ 0.917. ಎರಡು ದಿನದ ಗಡಿ 0.965 ಆದ್ದರಿಂದ ಎರಡು ರೀತಿಯಲ್ಲೂ ಮತ್ತೆ ಪಟ್ಟಿಗೆ ಬಂದರು. ಒಬ್ಬರು 10% ಇಳಿಸುವುದೇ ಸರಿ ಅನ್ನುತ್ತಾರೆ ಎಂದುಕೊಳ್ಳಿ. ಆಗ ಅನುಪಾತ 0.967. ಕೂದಲೆಳೆಯಲ್ಲಿ ಪಾರು. ಇನ್ನೊಬ್ಬರು ಬಂದು, "ಅವರದು ಕೂತು ಮಾಡುವ ಕೆಲಸ ಸಾರ್, ಪಿಎಎಲ್ 1.4 ಹಾಕಿ" ಎಂದರೆ ಗಡಿಯೇ 0.87ಕ್ಕೆ ಇಳಿದು ಇಡೀ ಲೆಕ್ಕ ತಿರುವುಮುರುವಾಗುತ್ತದೆ.

ಸೂತ್ರದಲ್ಲಿರುವ 8.5% ಇದನ್ನು ನೋಡಿಕೊಳ್ಳುತ್ತದಲ್ಲವೇ ಎಂದು ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ. ಇಲ್ಲ. ಅದು ಒಬ್ಬರಿಗೆ ಮೇಲೆ, ಒಬ್ಬರಿಗೆ ಕೆಳಗೆ ಆಗುವ ತಪ್ಪಿಗೆ. ಎಲ್ಲರಿಗೂ ಒಂದೇ ಕಡೆ ವಾಲುವ ತಪ್ಪು ಆ ವರ್ಗಮೂಲದೊಳಗೆ ಬರುವುದೇ ಇಲ್ಲ. ತಕ್ಕಡಿಯೇ ಒಂದು ಕಡೆ ಎಳೆಯುತ್ತಿದ್ದರೆ ಎಷ್ಟು ಸಲ ತೂಗಿದರೂ ಅಷ್ಟೇ.

ಹಾಗಾಗಿ "ಶೇಕಡಾ ಇಷ್ಟು ಮಂದಿ ಕಡಿಮೆ ಹೇಳಿದ್ದಾರೆ" ಎಂಬ ಒಂಟಿ ಅಂಕಿಯನ್ನು ನಾನು ನಂಬುವುದಿಲ್ಲ. ಯಾವ ಬಿಎಮ್‌ಆರ್ ಸಮೀಕರಣ, ಎಷ್ಟು ಇಳಿಸಿದ್ದು, ಯಾವ ಪಿಎಎಲ್, ಎಷ್ಟು ದಿನ ಎಂಬ ನಾಲ್ಕೂ ಪಕ್ಕದಲ್ಲಿರಬೇಕು. ಅವನ್ನು ಬದಲಿಸಿದಾಗ ಅಂಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೂ ಇರಬೇಕು.

ಇನ್ನೊಂದು ಗೊಂದಲ ನಮ್ಮ ಕಡೆ ಜಾಸ್ತಿ. ನಾನು ಒಂದು ಕಡೆ ಕೆಲಸ ಮಾಡುತ್ತಿದ್ದಾಗ ಗಡಿಯ ಕೆಳಗೆ ಬಿದ್ದ ಹೆಂಗಸರ ದೊಡ್ಡ ಗುಂಪೊಂದು ಕೈಗೆ ಬಂತು. ಮೇಲಿನವರು ತೆಗೆದುಹಾಕಿ ಅಂದರು, ತೆಗೆದೆವು. ಆಮೇಲೆ ಒಂದು ದಿನ ಸುಮ್ನೆ ಕಾಗದದ ಫಾರಂಗಳನ್ನು ತಿರುವಿದರೆ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: "ಒಪ್ಪೊತ್ತು". ಕೆಲವು ಕಡೆ "ಶನಿವಾರ, ರಾತ್ರಿ ಊಟ ಇಲ್ಲ". ಅವರು ಕಡಿಮೆ ಹೇಳಿರಲಿಲ್ಲ, ಆ ದಿನ ಕಡಿಮೆಯೇ ತಿಂದಿದ್ದರು. ಡೇಟಾ ಎಂಟ್ರಿಯಲ್ಲಿ ಆ ಅಂಚಿನ ಮಾತಿಗೆ ಒಂದು ಕಾಲಂ ಇರಲಿಲ್ಲ, ಅಷ್ಟೇ.

ಕಡಿಮೆ ತಿನ್ನುವುದು ಬೇರೆ, ಕಡಿಮೆ ಹೇಳುವುದು ಬೇರೆ. ಸೂತ್ರಕ್ಕೆ ಎರಡೂ ಒಂದೇ. ಬಿಡಿಸಲು ಹೊರಗಿನಿಂದ ಸಾಕ್ಷಿ ಬೇಕು. ಅಗ್ಗದ ಸಾಕ್ಷಿ ಅಂದರೆ ತೂಕ. ಸರೋಜಮ್ಮನ ಖರ್ಚು ತೀರಾ ಕಡಿಮೆ ಹಿಡಿದರೂ 1282ರ 1.4 ಪಟ್ಟು, ಅಂದರೆ ಸುಮಾರು 1795. ನಿಜವಾಗಿ 1175 ಮಾತ್ರ ತಿನ್ನುತ್ತಿದ್ದರೆ ದಿನಕ್ಕೆ 620 ಕ್ಯಾಲರಿ ಕೊರತೆ. ಒಂದು ಕಿಲೋ ತೂಕಕ್ಕೆ 7700 ಕ್ಯಾಲರಿ ಎಂಬ ಒರಟು ಲೆಕ್ಕ ಹಿಡಿದರೆ ತಿಂಗಳಿಗೆ ಎರಡು ಕಿಲೋಗೂ ಮಿಕ್ಕಿ ಇಳಿಯಬೇಕು. ಮೂರು ತಿಂಗಳ ಹಿಂದೆ ಆರೋಗ್ಯ ಶಿಬಿರದ ಚೀಟಿಯಲ್ಲಿ 62 ಇತ್ತು, ಈಗಲೂ 62 ಅಂದರೆ, ಊಟ ಎಲ್ಲೋ ತಪ್ಪಿಸಿಕೊಂಡಿದೆ. ಚೀಟಿಯಲ್ಲಿ 67 ಇದ್ದರೆ ಅವರ ಮಾತನ್ನು ನಂಬಿ.

ದುಬಾರಿ ಸಾಕ್ಷಿ ಡಬ್ಲಿ ಲೇಬಲ್ಡ್ ವಾಟರ್. ಭಾರವಾದ ಹೈಡ್ರೋಜನ್ ಮತ್ತು ಭಾರವಾದ ಆಕ್ಸಿಜನ್ ಇರುವ ನೀರು ಕುಡಿಸಿ, ಹತ್ತು ಹದಿನಾಲ್ಕು ದಿನ ಮೂತ್ರದ ಮಾದರಿ ತೆಗೆದುಕೊಳ್ಳುತ್ತಾರೆ. ಹೈಡ್ರೋಜನ್ ಹೊರಹೋಗುವುದು ನೀರಾಗಿ ಮಾತ್ರ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವೇಗದ ವ್ಯತ್ಯಾಸದಿಂದ ಆ ವ್ಯಕ್ತಿ ಎಷ್ಟು ಶಕ್ತಿ ಸುಟ್ಟ ಎಂದು ತಿಳಿಯುತ್ತದೆ. ಇಲ್ಲಿ ಯಾರ ನೆನಪನ್ನೂ ಕೇಳಬೇಕಿಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 40ರಿಂದ 69 ವರ್ಷದ 484 ಜನರ ಮೇಲೆ ಹೀಗೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಓಪನ್ ಅಧ್ಯಯನ ಈ ಕ್ಷೇತ್ರದ ಕಣ್ಣು ತೆರೆಸಿತು. 24 ಗಂಟೆ ರೀಕಾಲ್‌ನಲ್ಲಿ ಗಂಡಸರು ಶಕ್ತಿಯನ್ನು 12ರಿಂದ 14%, ಹೆಂಗಸರು 16ರಿಂದ 20% ಕಡಿಮೆ ಹೇಳಿದ್ದರು. "ವಾರಕ್ಕೆ ಎಷ್ಟು ಸಲ ಮೊಟ್ಟೆ ತಿನ್ನುತ್ತೀರಿ" ಎಂಬಂಥ ಪ್ರಶ್ನಾವಳಿಯಲ್ಲಿ ಕೊರತೆ 30%ಗೂ ಮೇಲೆ.

ಇಂಥ ಅಳತೆಗಳು ಈಗ ಸಾವಿರಗಟ್ಟಲೆ ಒಂದೆಡೆ ಸೇರಿವೆ. 6,497 ಅಳತೆಗಳಿಂದ ಕಟ್ಟಿದ ಸಮೀಕರಣವೊಂದು 2025ರಲ್ಲಿ ನೇಚರ್ ಫುಡ್ ಪತ್ರಿಕೆಯಲ್ಲಿ ಬಂತು. ತೂಕ, ವಯಸ್ಸು, ಲಿಂಗ ಮೊದಲಾದವನ್ನು ಕೊಟ್ಟರೆ ಆ ವ್ಯಕ್ತಿಯ ದಿನದ ಖರ್ಚು ಯಾವ ವ್ಯಾಪ್ತಿಯಲ್ಲಿರಬೇಕು ಎಂದು ನೇರವಾಗಿ ಹೇಳುತ್ತದೆ. ಬ್ರಿಟನ್ ಮತ್ತು ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳಿಗೆ ಹಚ್ಚಿದಾಗ ಸುಮಾರು 27% ಉತ್ತರಗಳು ನಂಬುವಂತಿರಲಿಲ್ಲ. ಬಿಎಮ್‌ಆರ್ ಊಹೆ, ಮೇಲೊಂದು ಪಿಎಎಲ್ ಊಹೆ ಎಂಬ ಎರಡು ಮೆಟ್ಟಿಲು ಇಲ್ಲಿ ಒಂದಾಗಿರುವುದು ಲಾಭವೇ. ಆದರೂ ಇದು ಅಂದಾಜೇ, ಅಳತೆ ಅಲ್ಲ.

ಸರಿ, ಪಟ್ಟಿ ಸಿಕ್ಕಿತು. ಮುಂದೇನು? ಬಹಳ ಜನ ಮಾಡುವುದು ಒಂದೇ: ಪಟ್ಟಿಯಲ್ಲಿರುವವರನ್ನು ಅಳಿಸುವುದು. ಅದರಿಂದ ಏನಾಗುತ್ತದೆ ಎಂದು ಅಂಕಿಯಲ್ಲೇ ನೋಡೋಣ.

ಸರೋಜಮ್ಮನಂಥ 400 ಹೆಂಗಸರು, ಒಂದು ದಿನದ ರೀಕಾಲ್. ಗುಂಪಿನ ಸರಾಸರಿ ಅನುಪಾತ 1.25 ಅಂತಿಟ್ಟುಕೊಳ್ಳಿ. ಇರಬೇಕಾದದ್ದು 1.55. ಅಂದರೆ ಗುಂಪಾಗಿ ಸುಮಾರು 20% ಕಡಿಮೆ. ಗುಂಪಿಗೂ ಗೋಲ್ಡ್‌ಬರ್ಗ್ ಗಡಿ ಇದೆ. `S`ಅನ್ನು ಜನಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು, 400ಕ್ಕೆ ಅದು 20. ಆಗ ಗಡಿ 1.51ಕ್ಕೆ ಏರುತ್ತದೆ. 1.25 ಅದರ ಎಷ್ಟೋ ಕೆಳಗೆ. ಗುಂಪು ಕಡಿಮೆ ಹೇಳಿದೆ ಎಂಬುದರಲ್ಲಿ ಅನುಮಾನವೇ ಇಲ್ಲ.

ಈಗ ಒಬ್ಬೊಬ್ಬರನ್ನೇ 0.87ರ ಗಡಿಗೆ ಹಚ್ಚಿ. ಅನುಪಾತಗಳು ಸೂತ್ರ ಹೇಳುವಷ್ಟೇ ಹರಡಿವೆ ಅಂದುಕೊಂಡರೆ ಸುಮಾರು 13% ಮಂದಿ, ಅಂದರೆ ಐವತ್ತು ಚಿಲ್ಲರೆ ಹೆಂಗಸರು ಕೆಳಗೆ ಬೀಳುತ್ತಾರೆ. ಅವರನ್ನು ಅಳಿಸಿ ಉಳಿದವರ ಸರಾಸರಿ ತೆಗೆದರೆ 1.32. ಎಲ್ಲಿಯ 1.32, ಎಲ್ಲಿಯ 1.55? ಐವತ್ತು ಜನರನ್ನು ಕಳೆದುಕೊಂಡೆವು, ಕೊರತೆಯ ಬಹುಪಾಲು ಮಾತ್ರ ಹಾಗೇ ಉಳಿಯಿತು. ಯಾಕಂದರೆ ಕಡಿಮೆ ಹೇಳಿದವರಲ್ಲಿ ಬಹುಪಾಲು ಜನ ಗಡಿಗಿಂತ ಮೇಲೆಯೇ ಕೂತಿದ್ದಾರೆ. ದಿನಕ್ಕೆ 2400 ಖರ್ಚು ಮಾಡುವ ಕೂಲಿ ಹೆಂಗಸು 1600 ಎಂದು ಹೇಳಿದರೆ 800 ಕ್ಯಾಲರಿ ಕಾಣೆ. ಆದರೂ ಅವಳ ಅನುಪಾತ ಗಡಿಗಿಂತ ಎಷ್ಟೋ ಮೇಲೆ. 2000ದ ಬ್ಲ್ಯಾಕ್ ಲೇಖನದಲ್ಲೂ ಇದೇ ಮಾತಿದೆ. ಎಲ್ಲರಿಗೂ 1.55 ಎಂಬ ಒಂದೇ ಪಿಎಎಲ್ ಹಾಕಿದರೆ ನಿಜವಾಗಿ ಕಡಿಮೆ ಹೇಳಿದವರಲ್ಲಿ ಅರ್ಧದಷ್ಟು ಮಂದಿಯನ್ನಷ್ಟೇ ಹಿಡಿಯಲು ಸಾಧ್ಯ.

ಅಳಿಸುವುದರ ಎರಡನೇ ತೊಂದರೆ ಇನ್ನೂ ಕೆಟ್ಟದ್ದು. ತೂಕ ಜಾಸ್ತಿ ಇರುವವರು ಕಡಿಮೆ ಹೇಳುವುದು ಹೆಚ್ಚು. ಅಮೆರಿಕದ ಕೃಷಿ ಇಲಾಖೆಯವರು 524 ಜನರ ಮೇಲೆ ತಮ್ಮ ರೀಕಾಲ್ ವಿಧಾನ ಪರೀಕ್ಷಿಸಿದಾಗ ಒಟ್ಟಾರೆ ಕೊರತೆ 11% ಇತ್ತು. ಸಾಧಾರಣ ತೂಕದವರಲ್ಲಿ 3%ಗಿಂತಲೂ ಕಡಿಮೆ. ಹಾಗಾಗಿ ಪಟ್ಟಿಯನ್ನು ಅಳಿಸಿದರೆ ದಪ್ಪಗಿರುವವರೇ ಜಾಸ್ತಿ ಹೊರಹೋಗುತ್ತಾರೆ. ಸಕ್ಕರೆ ಕಾಯಿಲೆ, ಬೊಜ್ಜಿನ ಬಗ್ಗೆ ಪ್ರಶ್ನೆ ಕೇಳಲು ಹೊರಟು ಅದೇ ಜನರನ್ನು ಜರಡಿ ಹಿಡಿದಂತಾಯಿತು.

ಇಲ್ಲಿಗೆ ಬಂದಾಗ ಯಾರಾದರೂ ಹೇಳೇ ಹೇಳುತ್ತಾರೆ: "ಎನರ್ಜಿ ಅಡ್ಜಸ್ಟ್ ಮಾಡಿಬಿಡಿ, ಸರಿಹೋಗುತ್ತೆ."

ಯೋಚನೆ ಚೆನ್ನಾಗಿದೆ. ದೊಡ್ಡ ಆಳು ಎಲ್ಲವನ್ನೂ ಜಾಸ್ತಿ ತಿನ್ನುತ್ತಾನೆ. ಪ್ರೋಟೀನ್ ಜಾಸ್ತಿ, ಕೊಬ್ಬೂ ಜಾಸ್ತಿ, ಉಪ್ಪೂ ಜಾಸ್ತಿ. ನಮಗೆ ಬೇಕಾದದ್ದು ಎಷ್ಟು ತಿಂದ ಎಂಬುದಲ್ಲ, ತಿಂದದ್ದರಲ್ಲಿ ಪ್ರೋಟೀನಿನ ಪಾಲು ಎಷ್ಟು ಎಂಬುದು. ಸುಲಭದ ದಾರಿ ಪ್ರತಿ 1000 ಕ್ಯಾಲರಿಗೆ ಎಷ್ಟು ಗ್ರಾಂ ಎಂದು ಭಾಗಿಸುವುದು. ಇನ್ನೊಂದು ದಾರಿ ವಾಲ್ಟರ್ ವಿಲೆಟ್ ಮತ್ತು ಮೀರ್ ಸ್ಟ್ಯಾಂಪ್ಫರ್ 1986ರಲ್ಲಿ ಮುಂದಿಟ್ಟ ರೆಸಿಡ್ಯುಯಲ್ ವಿಧಾನ. ಪ್ರೋಟೀನನ್ನು ಕ್ಯಾಲರಿಯ ಮೇಲೆ ರಿಗ್ರೆಷನ್ ಮಾಡಿ, "ಇಷ್ಟು ಕ್ಯಾಲರಿ ತಿನ್ನುವವರು ಸಾಮಾನ್ಯವಾಗಿ ಇಷ್ಟು ಪ್ರೋಟೀನ್ ತಿನ್ನುತ್ತಾರೆ" ಎಂಬ ಗೆರೆ ಎಳೆಯುವುದು. ಆ ಗೆರೆಗಿಂತ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದೇ ನಿಮ್ಮ ಅಂಕಿ.

```r
m <- lm(protein ~ energy, data = d)
base <- coef(m)[1] + coef(m)[2] * mean(d$energy)
d$protein_adj <- resid(m) + base
```

ಗೆರೆ "10 ಗ್ರಾಂ, ಜೊತೆಗೆ ಪ್ರತಿ ಕ್ಯಾಲರಿಗೆ 0.022 ಗ್ರಾಂ" ಎಂದು ಬಂತು ಅಂದುಕೊಳ್ಳಿ. ಸರೋಜಮ್ಮನ 1140 ಕ್ಯಾಲರಿಗೆ ಗೆರೆ ಹೇಳುವುದು ಸುಮಾರು 35 ಗ್ರಾಂ. ಅವರ ಫಾರಂನಲ್ಲಿರುವುದು 38. ಹಾಗಾಗಿ 3 ಗ್ರಾಂ ಮೇಲೆ. ಎಲ್ಲರ ಸರಾಸರಿ 1800 ಕ್ಯಾಲರಿ ಆಗಿದ್ದರೆ ಅಲ್ಲಿ ಗೆರೆ ಸುಮಾರು 50 ಗ್ರಾಂ, ಅದಕ್ಕೆ 3 ಸೇರಿಸಿ 53 ಎಂದು ದಾಖಲಿಸುತ್ತೇವೆ. ಈ 53 ಅವರು ತಿಂದ ಪ್ರೋಟೀನ್ ಅಲ್ಲ. ಸರಾಸರಿ ಕ್ಯಾಲರಿ ತಿನ್ನುವವರಾಗಿದ್ದರೆ ಎಷ್ಟಿರುತ್ತಿತ್ತು ಎಂಬ ಹೋಲಿಕೆಯ ಅಂಕಿ. ಇದನ್ನೇ ತೆಗೆದುಕೊಂಡು "ಇವರಿಗೆ ಪ್ರೋಟೀನ್ ಸಾಕಷ್ಟಿದೆ" ಎಂದು ಬರೆದ ವರದಿಗಳನ್ನು ನೋಡಿದ್ದೇನೆ. ಅಗತ್ಯ ಪೂರೈಕೆಯ ಪ್ರಶ್ನೆಗೆ ಈ ಅಂಕಿ ಬಳಸಲೇಬಾರದು. ಹಾಗೆಯೇ ಗಂಡಸರಿಗೂ ಹೆಂಗಸರಿಗೂ ಗೆರೆ ಬೇರೆ ಬೇರೆ ಎಳೆಯಿರಿ. ಒಟ್ಟಿಗೆ ಎಳೆದರೆ ಲಿಂಗದ ವ್ಯತ್ಯಾಸ ಆಹಾರದ ವ್ಯತ್ಯಾಸದ ವೇಷ ಹಾಕಿಕೊಂಡು ಬರುತ್ತದೆ.

ಈಗ ಮೂಲ ಪ್ರಶ್ನೆ. ಕಡಿಮೆ ಹೇಳಿದ್ದನ್ನು ಈ ಲೆಕ್ಕ ಸರಿಪಡಿಸುತ್ತದೆಯೇ?

ಇಬ್ಬರನ್ನು ತೆಗೆದುಕೊಳ್ಳಿ. ಇಬ್ಬರೂ ನಿಜವಾಗಿ ತಿಂದದ್ದು 1800 ಕ್ಯಾಲರಿ, 45 ಗ್ರಾಂ ಪ್ರೋಟೀನ್. 1000 ಕ್ಯಾಲರಿಗೆ 25 ಗ್ರಾಂ. ಮೊದಲನೆಯವರು ಎಲ್ಲವನ್ನೂ ಐದರಲ್ಲಿ ಒಂದು ಪಾಲು ಕಡಿಮೆ ಹೇಳಿದರು. ಮುದ್ದೆ ಚಿಕ್ಕದು, ಸಾರು ಕಮ್ಮಿ, ಅನ್ನ ಕಮ್ಮಿ. ಫಾರಂನಲ್ಲಿ 1440 ಕ್ಯಾಲರಿ, 36 ಗ್ರಾಂ. ಭಾಗಿಸಿದರೆ ಮತ್ತೆ 25. ಅಡ್ಜಸ್ಟ್‌ಮೆಂಟ್ ಗೆದ್ದಿತು.

ಎರಡನೆಯವರು ಮುದ್ದೆ, ಸೊಪ್ಪಿನ ಸಾರು, ಅನ್ನ, ಮೊಸರು ಎಲ್ಲ ಸರಿಯಾಗಿಯೇ ಹೇಳಿದರು. ಬಿಟ್ಟದ್ದು ಒಗ್ಗರಣೆ ಎಣ್ಣೆ, ಕಾಫಿಗೆ ಹಾಕಿದ ಸಕ್ಕರೆ, ಎರಡು ಕೋಡುಬಳೆ. 360 ಕ್ಯಾಲರಿ ಹೋಯಿತು, ಆದರೆ ಪ್ರೋಟೀನ್ ಹೋದದ್ದು ಮೂರು ಗ್ರಾಂ ಮಾತ್ರ. ಫಾರಂನಲ್ಲಿ 1440 ಕ್ಯಾಲರಿ, 42 ಗ್ರಾಂ. ಭಾಗಿಸಿದರೆ 29. ಕೊರತೆ ಇಬ್ಬರಿಗೂ ಅಷ್ಟೇ, ಗೋಲ್ಡ್‌ಬರ್ಗ್ ಕಣ್ಣಿಗೆ ಇಬ್ಬರೂ ಒಂದೇ. ಆದರೆ ಎರಡನೆಯವರು ಇದ್ದಕ್ಕಿದ್ದಂತೆ ಪ್ರೋಟೀನ್ ಹೆಚ್ಚಿರುವ ಊಟ ಮಾಡುವವರಾಗಿಬಿಟ್ಟರು!

ಜನ ಮರೆಯುವುದು ಯಾವ ಥರ? ಬಹುಮಟ್ಟಿಗೆ ಎರಡನೆಯ ಥರ. ಡೆನ್ಮಾರ್ಕ್‌ನ ಬೆರಿಟ್ ಹೈಟ್‌ಮನ್ ಮತ್ತು ಸ್ವೀಡನ್ನಿನ ಲಾರೆನ್ ಲಿಸ್ನರ್ 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ತೋರಿಸಿದರು. 323 ಡೇನಿಷ್ ವಯಸ್ಕರು ಹೇಳಿದ ಪ್ರೋಟೀನನ್ನು, ತಿಂದ ಪ್ರೋಟೀನ್ ಎಷ್ಟೆಂದು ತೋರಿಸುವ ಅವರ ಮೂತ್ರದ ನೈಟ್ರೋಜನ್ ಜೊತೆ, ಹೇಳಿದ ಕ್ಯಾಲರಿಯನ್ನು ಅಂದಾಜು ಮಾಡಿದ ಖರ್ಚಿನ ಜೊತೆ ಹೋಲಿಸಿದರು. ತೂಕ ಹೆಚ್ಚಿದಂತೆ ಎರಡೂ ಕೊರತೆ ಹೆಚ್ಚಿದವು. ಆದರೆ ಕ್ಯಾಲರಿಯ ಕೊರತೆ ಪ್ರೋಟೀನಿನ ಕೊರತೆಗಿಂತ ಜಾಸ್ತಿ. ಬಿಟ್ಟುಹೋಗುತ್ತಿದ್ದದ್ದು ಕೊಬ್ಬು, ಸಿಹಿ, ಹಿಟ್ಟಿನ ತಿಂಡಿಗಳು.

ಇದರ ಪರಿಣಾಮವನ್ನು ಬಿಡಿಸಿ ನೋಡಿ. ದಪ್ಪಗಿರುವವರು ಎಣ್ಣೆ ಸಿಹಿ ಹೆಚ್ಚು ಬಿಡುತ್ತಾರೆ. ಅಡ್ಜಸ್ಟ್ ಮಾಡಿದ ಮೇಲೆ ಅವರ ಊಟದಲ್ಲಿ ಪ್ರೋಟೀನಿನ ಪಾಲು ಹೆಚ್ಚಾಗಿ ಕಾಣುತ್ತದೆ. ನೀವು ಪ್ರೋಟೀನ್ ಪಾಲು ಮತ್ತು ಬೊಜ್ಜಿನ ಸಂಬಂಧ ಹುಡುಕಿದರೆ ಸಂಬಂಧ ಸಿಕ್ಕೇ ಸಿಗುತ್ತದೆ, ಅದು ಆಕಸ್ಮಿಕ ಅಲ್ಲ ಎನ್ನುವ ಪಿ ಮೌಲ್ಯವೂ ಚೆನ್ನಾಗೇ ಬರುತ್ತದೆ. ನಾಳೆ "ಬೇಳೆ ತಿಂದರೆ ದಪ್ಪ ಆಗ್ತೀರಾ?" ಎಂದು ಯಾರೋ ವಿಡಿಯೋ ಮಾಡುತ್ತಾರೆ. ಆ ಸಂಬಂಧ ಬೇಳೆಯಿಂದ ಬಂದದ್ದಲ್ಲ, ಮರೆವಿನಿಂದ ಬಂದದ್ದು.

ಹಾಗಂತ ಅಡ್ಜಸ್ಟ್‌ಮೆಂಟ್ ದಂಡ ಎಂದು ನಾನು ಹೇಳುತ್ತಿಲ್ಲ. ಓಪನ್ ಅಧ್ಯಯನದ ಪ್ರಶ್ನಾವಳಿಯ ಮೇಲೆ ವಿಕ್ಟರ್ ಕಿಪ್ನಿಸ್ ತಂಡ ಮಾಡಿದ ಲೆಕ್ಕವೇ ಇದಕ್ಕೆ ಸಾಕ್ಷಿ. ಒಂದು ಆಹಾರಾಂಶ ಕಾಯಿಲೆಯ ಅಪಾಯವನ್ನು ನಿಜಕ್ಕೂ ಎರಡು ಪಟ್ಟು ಮಾಡುತ್ತದೆ ಎಂದುಕೊಳ್ಳಿ. ಬರೀ ಕ್ಯಾಲರಿ ಅಥವಾ ಬರೀ ಪ್ರೋಟೀನ್ ಇಟ್ಟು ನೋಡಿದರೆ ಆ ಎರಡು ಪಟ್ಟು 1.1ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಕುಗ್ಗುತ್ತದೆ. ಇದ್ದೂ ಇಲ್ಲದಂತೆ. ಪ್ರೋಟೀನನ್ನು ಕ್ಯಾಲರಿಗೆ ಹೊಂದಿಸಿದರೆ ಸುಮಾರು 1.3 ಕಾಣುತ್ತದೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂಬ ಮಟ್ಟದ ಸುಧಾರಣೆ. ಪ್ರೋಟೀನಿಗೆ ಮೂತ್ರದ ನೈಟ್ರೋಜನ್ ಇರುವುದರಿಂದ ಇಷ್ಟಾದರೂ ಪರೀಕ್ಷಿಸಲು ಆಯಿತು. ಕೊಬ್ಬಿಗೆ, ಸಕ್ಕರೆಗೆ ಅಷ್ಟು ಭರವಸೆಯ ಅಳತೆ ಇಲ್ಲ. ಜನ ಹೆಚ್ಚು ಮರೆಯುವುದೂ ಅವೇ.

ನಮ್ಮ ಅಡುಗೆಮನೆಯಲ್ಲಿ ಈ ಮರೆವಿಗೆ ಇನ್ನೊಂದು ರೂಪ ಇದೆ. ಸಾರು ಒಂದೇ ಪಾತ್ರೆಯಲ್ಲಿ ಆಗುತ್ತದೆ. ಯಾರ ತಟ್ಟೆಗೆ ಎಷ್ಟು ಎಣ್ಣೆ ಹೋಯಿತು ಎಂದು ಮಾಡಿದವರಿಗೂ ಗೊತ್ತಿರಲ್ಲ. "ಒಗ್ಗರಣೆಗೆ ಎಷ್ಟು ಎಣ್ಣೆ?" ಎಂದರೆ "ಒಂದು ಸೌಟು" ಎಂಬ ಉತ್ತರ ಬರುತ್ತದೆ, ಸೌಟು ಎಷ್ಟು ದೊಡ್ಡದು ಎಂದು ಯಾರೂ ಅಳೆಯಲ್ಲ. ಮುದ್ದೆಯದೂ ಅದೇ ಕತೆ. ಒಂದು ಮುದ್ದೆಗೆ 80 ಗ್ರಾಂ ಹಿಟ್ಟೋ 120 ಗ್ರಾಮೋ? 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ ಹಿಡಿದರೆ ಒಂದೇ ಮುದ್ದೆಯಲ್ಲಿ 130 ಕ್ಯಾಲರಿ ವ್ಯತ್ಯಾಸ. ಆದರೆ ಮುದ್ದೆಯ ತಪ್ಪು ಎರಡೂ ಕಡೆಗೆ ಆಗುತ್ತದೆ, ಮನೆಮನೆಗೂ ಬೇರೆ. ಎಣ್ಣೆಯ ತಪ್ಪು ಯಾವಾಗಲೂ ಕೆಳಗೇ.

ಎಣ್ಣೆಗೆ ಒಂದು ಸರಳ ಪರೀಕ್ಷೆ ಇದೆ. ತಿಂಗಳಿಗೆ ಎಷ್ಟು ಎಣ್ಣೆ ತರುತ್ತೀರಿ ಎಂದು ಕೇಳುವುದು. ಅದು ಯಾರಿಗೂ ಮರೆಯಲ್ಲ, ದುಡ್ಡು ಕೊಟ್ಟಿರುತ್ತಾರಲ್ಲ. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್ ಎಂದರೆ ಸುಮಾರು 2730 ಗ್ರಾಂ. ತಲೆಗೆ ದಿನಕ್ಕೆ 23 ಗ್ರಾಂ, 205 ಕ್ಯಾಲರಿ. ಅದೇ ಮನೆಯ ರೀಕಾಲ್ ಫಾರಂಗಳಿಂದ ತಲೆಗೆ 12 ಗ್ರಾಂ ಮಾತ್ರ ಬಂದಿದ್ದರೆ ಅರ್ಧದಷ್ಟು ಎಣ್ಣೆ ಕಾಣೆಯಾಗಿದೆ. ಕರಿದು ಚೆಲ್ಲಿದ್ದು, ದೀಪಕ್ಕೆ ಹಾಕಿದ್ದು, ಬಂದ ನೆಂಟರಿಗೆ ಬಡಿಸಿದ್ದು ಕಳೆದರೂ ಅಷ್ಟೊಂದು ಹೋಗಲ್ಲ. ಹಾಗೆಂದು ಖರೀದಿ ಲೆಕ್ಕವನ್ನೇ ಊಟದ ಲೆಕ್ಕ ಎನ್ನಲೂ ಆಗದು. ಕೇಂದ್ರ ಸರ್ಕಾರದ 2023-24ರ ಮನೆಬಳಕೆ ಸಮೀಕ್ಷೆಯಲ್ಲಿ ಹಳ್ಳಿಗಳಲ್ಲಿ ತಲೆಗೆ ದಿನಕ್ಕೆ 2212, ಪಟ್ಟಣಗಳಲ್ಲಿ 2240 ಕ್ಯಾಲರಿ ಎಂದಿದೆ. ಅದು ಮನೆಗೆ ಬಂದ ಆಹಾರವನ್ನು ತಲೆಗೆ ಹಂಚಿದ ಲೆಕ್ಕ. ರೀಕಾಲ್ ಅಂಕಿ ತಟ್ಟೆಯದ್ದು, ನೆನಪಿನದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು "ಜನ ತಿನ್ನುವುದು ಕಡಿಮೆಯಾಗಿದೆ" ಎಂದು ಬರೆಯುವವರು ಸೇರು ಮತ್ತು ಮೊಳವನ್ನು ಹೋಲಿಸುತ್ತಿದ್ದಾರೆ.

ನಾನು ಈಗ ಮಾಡುವುದು ಇಷ್ಟು. ಯಾರನ್ನೂ ಅಳಿಸುವುದಿಲ್ಲ. ಪ್ರತಿಯೊಬ್ಬರ ಅನುಪಾತವನ್ನೂ ಒಂದು ಕಾಲಂ ಆಗಿ ಇಟ್ಟುಕೊಳ್ಳುತ್ತೇನೆ. ಪಕ್ಕದಲ್ಲಿ ಉಪವಾಸ, ಜ್ವರ, ಮದುವೆ ಮನೆ ಊಟ ಎಂಬುದಕ್ಕೆ ಇನ್ನೊಂದು ಕಾಲಂ. ಮುಖ್ಯ ವಿಶ್ಲೇಷಣೆ ಎಲ್ಲರನ್ನೂ ಇಟ್ಟುಕೊಂಡೇ ನಡೆಯುತ್ತದೆ. ಆಮೇಲೆ ಗಡಿಯ ಕೆಳಗಿನವರನ್ನು ಬಿಟ್ಟು ಮತ್ತೊಮ್ಮೆ, ಬಿಎಮ್‌ಆರ್ 5% ಇಳಿಸಿ, 10% ಇಳಿಸಿ ಇನ್ನೊಮ್ಮೆ. ಉತ್ತರದ ದಿಕ್ಕು ಎಲ್ಲದರಲ್ಲೂ ಒಂದೇ ಇದ್ದರೆ ಬರೆಯುತ್ತೇನೆ. ಬದಲಾದರೆ ಬದಲಾಯಿತು ಎಂದು ಬರೆಯುತ್ತೇನೆ. ಜೊತೆಗೆ ಅನುಪಾತದ ಪ್ರಕಾರ ಜನರನ್ನು ಮೂರು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಎಣ್ಣೆ, ಸಕ್ಕರೆ, ಪ್ರೋಟೀನಿನ ಪಾಲು ಹೇಗಿದೆ ಎಂದು ನೋಡುತ್ತೇನೆ. ಅನುಪಾತ ಇಳಿದಂತೆ ಪಾಲುಗಳು ಹಾಗೇ ಉಳಿದಿದ್ದರೆ ಜನ ಎಲ್ಲವನ್ನೂ ಸಮವಾಗಿ ಬಿಟ್ಟಿದ್ದಾರೆ, ಅಡ್ಜಸ್ಟ್‌ಮೆಂಟ್ ಕೆಲಸ ಮಾಡುತ್ತದೆ. ಎಣ್ಣೆ ಸಕ್ಕರೆ ಕುಸಿದು ಪ್ರೋಟೀನ್ ಏರಿದ್ದರೆ ಅಲ್ಲಿ ಅಡ್ಜಸ್ಟ್ ಮಾಡಿದ ಅಂಕಿಯನ್ನೂ ನಂಬಬೇಡಿ.

ಸರೋಜಮ್ಮನ ಫಾರಂನಲ್ಲಿ ಈಗ ಎರಡು ಕೋಡುಬಳೆ ಸೇರಿವೆ. ಎಣ್ಣೆ ಡಬ್ಬಿಯ ಲೆಕ್ಕವನ್ನೂ ಕೇಳಿ ಬರೆದಿದ್ದಾರೆ. ಎಲ್ಲ ಸೇರಿಸಿದ ಮೇಲೂ ನಾಲ್ಕು ನೂರು ಕ್ಯಾಲರಿಯಷ್ಟು ಎಲ್ಲಿ ಹೋಯಿತು ಎಂದು ಪತ್ತೆಯಿಲ್ಲ. ಮುಂದಿನ ಸುತ್ತಿಗೆ ಹೋಗುವ ಹುಡುಗಿಗೆ ಹೇಳಿದ್ದೇನೆ, ಮಗಳು ಮನೆಯಲ್ಲಿರುವ ಹೊತ್ತಿಗೇ ಹೋಗಮ್ಮ ಅಂತ.